ಸ್ಟೀಲ್ ಶೀಟಿನಿಂದ ಹೋಟೆಲ್ ಟೇಬಲ್‌ವರೆಗೆ: ಜಿಎಸ್‌ಟಿ ಕ್ರೆಡಿಟ್ ಲೆಕ್ಕ ಮಾಡುವುದು ಹೇಗೆ

ಪುಣೆಯ ಭೋಸರಿ ಕಡೆ ಹೋಟೆಲ್ ಅಡುಗೆಮನೆಯ ಸಾಮಾನು ಮಾಡುವ ಒಂದು ಸಣ್ಣ ವರ್ಕ್‌ಶಾಪಿನ ಲೆಕ್ಕ ನಾನು ನೋಡುತ್ತೇನೆ. ಸ್ಟೀಲ್ ವರ್ಕ್ ಟೇಬಲ್, ರ‍್ಯಾಕ್, ಸಿಂಕ್ ಸ್ಟ್ಯಾಂಡ್, ಇಂಥವು ಅಲ್ಲಿ ತಯಾರಾಗುತ್ತವೆ. ಮಾಲೀಕರು ಬೆಳಗಾವಿ ಕಡೆಯವರು. ಗಿರಾಕಿಗಳಲ್ಲಿ ಹೆಚ್ಚಿನವರು ಪುಣೆ, ಮುಂಬಯಿಯ ಉಡುಪಿ ಹೋಟೆಲಿನವರು. ರಿಟರ್ನ್ ಹಾಕುವ ಹೊತ್ತಿಗೆ ಮಾಲೀಕರದು ಒಂದೇ ಪ್ರಶ್ನೆ: "ಶೀಟ್ ತಗೊಳ್ಳುವಾಗ 18 ಪರ್ಸೆಂಟ್ ಕೊಟ್ಟೀನಿ. ಟೇಬಲ್ ಮಾರುವಾಗ ಮತ್ತ 18 ಕಟ್ಟಬೇಕು ಅಂತೀರಿ. ಒಂದ ಸ್ಟೀಲಿಗೆ ಎಷ್ಟು ಸಲ ಟ್ಯಾಕ್ಸ್ ರೀ?"

ನ್ಯಾಯವಾದ ಪ್ರಶ್ನೆ. ಉತ್ತರ: ಒಂದೇ ಸಲ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದನ್ನೇ ಕ್ರೆಡಿಟ್ ಅನ್ನುವುದು. ಆದರೆ ಅದು ತಾನಾಗಿ ಆಗುವುದಿಲ್ಲ. ಖರೀದಿಯ ಬಿಲ್ ಸರಿಯಾಗಿರಬೇಕು, ಮಾರಿದವರು ಅದನ್ನು ಪೋರ್ಟಲ್‌ಗೆ ಹಾಕಿರಬೇಕು, ನಾವು ಅದನ್ನು ಸಮಯಕ್ಕೆ ಸರಿಯಾಗಿ ಕ್ಲೈಮ್ ಮಾಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ತೆರಿಗೆಯ ಮೇಲೆ ತೆರಿಗೆ ಬೀಳುತ್ತದೆ. ಅದು ನಮ್ಮ ಲಾಭದಿಂದಲೇ ಹೋಗುತ್ತದೆ.

ಮಹಾರಾಷ್ಟ್ರದಲ್ಲಿ ನೋಂದಣಿ ಇದ್ದು, ಪ್ರತಿ ತಿಂಗಳು ರಿಟರ್ನ್ ಹಾಕುವ, ಕಾಂಪೊಸಿಷನ್ ಸ್ಕೀಮಿನಲ್ಲಿ ಇಲ್ಲದ ಸಣ್ಣ ಉದ್ಯಮದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ.

ಮೊದಲು, ಕ್ರೆಡಿಟ್ ಇಲ್ಲದಿದ್ದರೆ ಏನಾಗುತ್ತಿತ್ತು?

ವರ್ಕ್‌ಶಾಪಿನವರು 1,00,000 ರೂಪಾಯಿಯ ಸ್ಟೀಲ್ ಶೀಟ್ ತಂದರು ಅಂದುಕೊಳ್ಳಿ. ಶೇ. 18ರಂತೆ 18,000 ತೆರಿಗೆ. ಕೈಯಿಂದ ಹೋಗಿದ್ದು 1,18,000. ಕೂಲಿ, ಕರೆಂಟು, ಲಾಭ ಎಲ್ಲಾ ಸೇರಿ ಇದರ ಮೇಲೆ ಅವರದು 50,000.

ಕ್ರೆಡಿಟ್ ಅನ್ನುವುದೇ ಇಲ್ಲದಿದ್ದರೆ ಅವರ ಪಾಲಿಗೆ ಶೀಟಿನ ಅಸಲು 1,18,000. ಅದಕ್ಕೆ 50,000 ಸೇರಿಸಿ 1,68,000 ಬೆಲೆ ಇಡುತ್ತಾರೆ. ಅದರ ಮೇಲೆ ಶೇ. 18 ಅಂದರೆ 30,240. ಹೋಟೆಲಿನವರು ಕೊಡುವುದು 1,98,240.

ಕ್ರೆಡಿಟ್ ಇದ್ದರೆ ಆ 18,000 ಅಸಲಿಗೆ ಸೇರುವುದೇ ಇಲ್ಲ. ಅದು ಸರ್ಕಾರದ ಹತ್ತಿರ ನಮ್ಮ ಹೆಸರಿನಲ್ಲಿ ಜಮೆಯಾಗಿರುವ ಹಣ. ಬೆಲೆ 1,50,000, ತೆರಿಗೆ 27,000, ಒಟ್ಟು 1,77,000. ಗಿರಾಕಿಯಿಂದ ಪಡೆದ 27,000ದಲ್ಲಿ ಈಗಾಗಲೇ ಕೊಟ್ಟ 18,000 ಕಳೆದು, ಉಳಿದ 9,000 ಮಾತ್ರ ವರ್ಕ್‌ಶಾಪಿನವರು ಕಟ್ಟುತ್ತಾರೆ. ಅವರು ಸೇರಿಸಿದ 50,000ಕ್ಕೆ ಶೇ. 18 ಎಷ್ಟು? 9,000. ಸರಿಹೋಯಿತು, ಅಲ್ವಾ?

ಎರಡೂ ಬೆಲೆಗಳ ನಡುವಿನ ವ್ಯತ್ಯಾಸ 21,240. ಇದನ್ನು ಬಿಡಿಸಿ ನೋಡಬೇಕು. ಇದರಲ್ಲಿ 18,000 ಅದೇ ಒಂದು ಲಕ್ಷದ ಸ್ಟೀಲಿಗೆ ಎರಡನೇ ಸಲ ಬಿದ್ದ ತೆರಿಗೆ. ಉಳಿದ 3,240 ಇನ್ನೂ ವಿಚಿತ್ರ. ಅದು 18,000 ರೂಪಾಯಿ ತೆರಿಗೆಯ ಮೇಲೆ ಬಿದ್ದ ಶೇ. 18. ಯಾವ ಸರಕೂ ಇಲ್ಲ, ಯಾವ ಕೆಲಸವೂ ಇಲ್ಲ, ಬರೀ ತೆರಿಗೆಗೆ ಕಟ್ಟಿದ ತೆರಿಗೆ. ಶೀಟಿನಿಂದ ಟೇಬಲ್‌ವರೆಗೆ ನಡುವೆ ಇನ್ನೆರಡು ಕೈ ಬದಲಾದರೆ ಇದು ಪ್ರತಿ ಕೈಯಲ್ಲೂ ಬೆಳೆಯುತ್ತಾ ಹೋಗುತ್ತದೆ. ಒಬ್ಬನೇ ದೊಡ್ಡ ಕಾರ್ಖಾನೆಯವ ಎಲ್ಲವನ್ನೂ ತಾನೇ ಮಾಡಿಕೊಂಡರೆ ಅವನಿಗೆ ಈ ಭಾರ ಇಲ್ಲ. ಒಬ್ಬ ಶೀಟ್ ಮಾರಿ, ಇನ್ನೊಬ್ಬ ಬಗ್ಗಿಸಿ, ಮತ್ತೊಬ್ಬ ಪಾಲಿಶ್ ಮಾಡುವ ಭೋಸರಿಯಂಥ ಕಡೆ ಮಾತ್ರ ಪೂರ್ತಿ ಪೆಟ್ಟು. ಸಣ್ಣವರಿಗೆ ಕ್ರೆಡಿಟ್ ಬೇಕಾಗಿರುವುದು ಇದಕ್ಕೇ.

ಹಿಂದೆ ಇದು ನಿಜವಾಗಿಯೂ ನಡೆಯುತ್ತಿತ್ತು. 2005ರಲ್ಲಿ ಮಹಾರಾಷ್ಟ್ರದಲ್ಲಿ ವ್ಯಾಟ್ ಬಂದ ಮೇಲೆ ರಾಜ್ಯದೊಳಗಿನ ಖರೀದಿಗೆ ಕ್ರೆಡಿಟ್ ಸಿಗತೊಡಗಿತು. ಆದರೆ ಬೆಂಗಳೂರಿನಿಂದ ಪೈಪ್ ತಂದರೆ ಅದರ ಮೇಲಿನ ಕೇಂದ್ರ ಮಾರಾಟ ತೆರಿಗೆಗೆ ಕ್ರೆಡಿಟ್ ಇರಲಿಲ್ಲ. ಮುಂಬಯಿಗೆ ಸರಕು ಹೋಗಬೇಕಾದರೆ ಜಕಾತಿ ನಾಕಾದಲ್ಲಿ ಲಾರಿ ನಿಲ್ಲಿಸಿ ಪಾಲಿಕೆಗೆ ಜಕಾತಿ ಕಟ್ಟಬೇಕಿತ್ತು. ಅದಕ್ಕೂ ಕ್ರೆಡಿಟ್ ಇಲ್ಲ. ಅದೆಲ್ಲ ಬೆಲೆಯೊಳಗೆ ಸೇರಿ, ಅದರ ಮೇಲೆ ವ್ಯಾಟ್ ಬೀಳುತ್ತಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಮುಂಬಯಿಯ ಜಕಾತಿ ನಿಂತಾಗ ಈ ಎರಡೂ ತೂತು ಮುಚ್ಚಿದವು.

ಹೆಜ್ಜೆ 1: ಬಿಲ್ ಕೈಗೆ ಬಂದ ದಿನವೇ ನೋಡಿ

ಕ್ರೆಡಿಟ್ ಕೆಲಸ ಶುರುವಾಗುವುದು ರಿಟರ್ನ್ ಹಾಕುವ ದಿನ ಅಲ್ಲ, ಟೆಂಪೋದಿಂದ ಮಾಲು ಇಳಿಯುವ ದಿನ. ಆಗ ಬಿಲ್ಲಿನಲ್ಲಿ ಮುಖ್ಯವಾಗಿ ಮೂರು ಕಡೆ ಕಣ್ಣು ಹಾಯಿಸಿ.

ಮೊದಲನೆಯದು ನಿಮ್ಮ ಜಿಎಸ್‌ಟಿ ನಂಬರ್. ಹದಿನೈದು ಅಕ್ಷರಗಳೂ ಸರಿ ಇರಬೇಕು. ಮೊದಲ ಎರಡು ಅಂಕಿ ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29, ಗೋವಾ 30. ನಂಬರ್ ತಪ್ಪಾದರೆ ಆ ಬಿಲ್ ಬೇರೆ ಯಾರದೋ ಖಾತೆಗೆ ಹೋಗುತ್ತದೆ. ನಂಬರ್ ಇಲ್ಲದೆ ಬರೀ ಹೆಸರು ಬರೆದಿದ್ದರೆ ಮಾರಿದವರು ಅದನ್ನು ಸಾಮಾನ್ಯ ಗ್ರಾಹಕರ ಮಾರಾಟಕ್ಕೆ ಸೇರಿಸಿಬಿಡುತ್ತಾರೆ. ಎರಡರಲ್ಲೂ ನಿಮಗೆ ಕ್ರೆಡಿಟ್ ಇಲ್ಲ.

ಎರಡನೆಯದು ತೆರಿಗೆ ಯಾವುದು ಹಾಕಿದ್ದಾರೆ ಅನ್ನುವುದು. ಪುಣೆಯ ಡೀಲರ್ ಪುಣೆಗೇ ಮಾಲು ಕೊಟ್ಟರೆ ಕೇಂದ್ರಕ್ಕೆ ಶೇ. 9 ಸಿಜಿಎಸ್‌ಟಿ, ರಾಜ್ಯಕ್ಕೆ ಶೇ. 9 ಎಸ್‌ಜಿಎಸ್‌ಟಿ. ಬೆಂಗಳೂರಿನ ಡೀಲರ್ ಪುಣೆಗೆ ಕಳಿಸಿದರೆ ರಾಜ್ಯ ದಾಟುವ ಮಾರಾಟದ ತೆರಿಗೆಯಾದ ಐಜಿಎಸ್‌ಟಿ ಶೇ. 18. ನಮ್ಮವರು ಎಡವುವುದು ಇಲ್ಲಿಯೇ. ಊರಿಗೆ ಹೋದಾಗ ಅಲ್ಲಿಯೇ ಅಂಗಡಿಯಲ್ಲಿ ಪೈಪ್ ಖರೀದಿಸಿ ಟೆಂಪೋಕ್ಕೆ ಹಾಕಿಸಿಕೊಂಡು ಬರುತ್ತಾರೆ. ಅಂಗಡಿಯವರು ಸ್ಥಳೀಯ ಮಾರಾಟ ಅಂದುಕೊಂಡು ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿಬಿಡುತ್ತಾರೆ. ಆ ತೆರಿಗೆ ಮಹಾರಾಷ್ಟ್ರದ ನೋಂದಣಿಗೆ ಕ್ರೆಡಿಟ್ ಆಗಿ ಬರುವುದಿಲ್ಲ. ಟೆಂಪೋ ಬಾಡಿಗೆ ಯಾರು ಕೊಟ್ಟರು ಅನ್ನುವುದು ಮುಖ್ಯವಲ್ಲ. ಮಾಲು ಪ್ರಯಾಣ ಮುಗಿಸುವುದು ಪುಣೆಯಲ್ಲಿ ಅಂದಮೇಲೆ ಐಜಿಎಸ್‌ಟಿ ಹಾಕಿ ಅಂತ ಅಲ್ಲಿಯೇ ಹೇಳಿ.

ಮೂರನೆಯದು, ಅದು ತೆರಿಗೆ ಬಿಲ್ ಹೌದೋ ಅಲ್ಲವೋ. ಕಾಂಪೊಸಿಷನ್ ಸ್ಕೀಮಿನವರು ತೆರಿಗೆ ವಸೂಲಿ ಮಾಡುವಂತಿಲ್ಲ. ಅವರು ಕೊಡುವುದು 'ಬಿಲ್ ಆಫ್ ಸಪ್ಲೈ'. ಅದರಲ್ಲಿ ತೆರಿಗೆಯ ಕಾಲಮ್ಮೇ ಇರುವುದಿಲ್ಲ, ಕ್ರೆಡಿಟ್ಟೂ ಇಲ್ಲ. ಎಸ್ಟಿಮೇಟ್, ಡೆಲಿವರಿ ಚಲನ್, ಪ್ರೊಫಾರ್ಮಾ, ಇವುಗಳ ಮೇಲೂ ಕ್ರೆಡಿಟ್ ಸಿಗುವುದಿಲ್ಲ.

ಬಿಲ್ ಇದ್ದರೂ ಮಾಲು ಬಂದಿಲ್ಲ ಅಂದರೆ ಕಾಯಿರಿ. ಒಂದೇ ಬಿಲ್ಲಿನ ಮಾಲು ಎರಡು ಮೂರು ಕಂತಿನಲ್ಲಿ ಬರುವುದಿದ್ದರೆ ಕೊನೆಯ ಕಂತು ಬಂದ ಮೇಲೆಯೇ ಕ್ರೆಡಿಟ್.

ಹೆಜ್ಜೆ 2: 14ನೇ ತಾರೀಖಿಗೆ GSTR-2B ತೆಗೆಯಿರಿ

ನಿಮ್ಮ ಕೈಯಲ್ಲಿ ಬಿಲ್ ಇದ್ದ ಮಾತ್ರಕ್ಕೆ ಈಗ ಕ್ರೆಡಿಟ್ ಸಿಗುವುದಿಲ್ಲ. 2022ರ ಜನವರಿಯಿಂದ ಕಾನೂನು ಸ್ಪಷ್ಟವಾಗಿದೆ. ಮಾರಿದವರು ಆ ಬಿಲ್ಲನ್ನು ತಮ್ಮ ಮಾರಾಟದ ರಿಟರ್ನ್ ಆದ GSTR-1ರಲ್ಲಿ ಹಾಕಿರಬೇಕು, ಅದು ನಿಮ್ಮ ಖರೀದಿ ಬಿಲ್ಲುಗಳ ಪಟ್ಟಿಯಾದ GSTR-2Bಯಲ್ಲಿ ಕಾಣಿಸಬೇಕು.

ತಿಂಗಳ ಓಟ ಹೀಗಿದೆ. ಮೇ ತಿಂಗಳ ಮಾರಾಟದ ಬಿಲ್ಲುಗಳನ್ನು ಡೀಲರ್ ಜೂನ್ 11ರೊಳಗೆ GSTR-1ರಲ್ಲಿ ಹಾಕುತ್ತಾರೆ. ಜೂನ್ 14ಕ್ಕೆ ಪೋರ್ಟಲ್ ನಿಮ್ಮ ಹೆಸರಿಗೆ GSTR-2B ಪಟ್ಟಿ ತಯಾರಿಸುತ್ತದೆ. ಜೂನ್ 20ರೊಳಗೆ ನೀವು GSTR-3B ಹಾಕಿ ತೆರಿಗೆ ಕಟ್ಟಬೇಕು. ಅಂದರೆ ಹೊಂದಿಸಿ ನೋಡಲು ನಿಮಗೆ ಸಿಗುವುದು 14ರಿಂದ 20ರವರೆಗೆ ಮಾತ್ರ. ಅದರಲ್ಲೂ 20ಕ್ಕೆ ಪೋರ್ಟಲ್ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. 16, 17ಕ್ಕೆ ಮುಗಿಸಿಕೊಳ್ಳುವುದು ವಾಸಿ.

GSTR-2Bಯನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಿ. ಪಕ್ಕದಲ್ಲಿ ನಿಮ್ಮ ಖರೀದಿ ಪುಸ್ತಕ ಇಟ್ಟುಕೊಳ್ಳಿ. ಬಿಲ್ ನಂಬರ್, ತಾರೀಖು, ತೆರಿಗೆ ಮೊತ್ತ, ಒಂದೊಂದಾಗಿ ಹೊಂದಿಸಿ. ಎರಡೂ ಕಡೆ ಇರುವುದಕ್ಕೆ ಟಿಕ್ ಹಾಕಿ. ಉಳಿಯುವುದು ಎರಡು ಥರದ ಬಿಲ್ಲುಗಳು.

ಒಂದು, ಪಟ್ಟಿಯಲ್ಲಿ ಇದೆ, ನಿಮ್ಮ ಪುಸ್ತಕದಲ್ಲಿ ಇಲ್ಲ. ಮಾಲು ಇನ್ನೂ ದಾರಿಯಲ್ಲಿರಬಹುದು, ಇಲ್ಲವೇ ಯಾರೋ ತಪ್ಪಾಗಿ ನಿಮ್ಮ ನಂಬರ್ ಹಾಕಿರಬಹುದು. ಪೋರ್ಟಲ್‌ನಲ್ಲಿ ಈಗ IMS ಅನ್ನುವ ಪುಟ ಇದೆ. ಅಲ್ಲಿ ಪ್ರತಿ ಬಿಲ್ಲಿಗೂ Accept, Reject, Pending ಅಂತ ಆಯ್ಕೆ ಇರುತ್ತದೆ. ನಿಮ್ಮದಲ್ಲದ ಬಿಲ್ಲಿಗೆ Reject, ಮಾಲು ಬರಬೇಕಾದ ಬಿಲ್ಲಿಗೆ Pending ಕೊಡಿ. ಸುಮ್ನೆ ಬಿಟ್ಟರೆ ಒಪ್ಪಿಕೊಂಡಂತೆ ಆಗುತ್ತದೆ. 14ರ ನಂತರ ಏನಾದರೂ ಬದಲಾಯಿಸಿದರೆ GSTR-2Bಯನ್ನು ಮತ್ತೆ ಲೆಕ್ಕ ಹಾಕಿಸಿ, ಆಮೇಲೆ GSTR-3Bಗೆ ಹೋಗಿ.

ಇನ್ನೊಂದು, ನಿಮ್ಮ ಪುಸ್ತಕದಲ್ಲಿ ಇದೆ, ಪಟ್ಟಿಯಲ್ಲಿ ಇಲ್ಲ. ತಲೆನೋವು ಇದೇ. ಗಾಬರಿ ಬೀಳುವ ಮೊದಲು ಒಂದು ವಿಷಯ ಕೇಳಿ: ಡೀಲರ್ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾ? ಸಣ್ಣ ಡೀಲರ್‌ಗಳು ತುಂಬಾ ಜನ ಹಾಗಿದ್ದಾರೆ. ಅವರು ನಡುವಿನ ತಿಂಗಳುಗಳಲ್ಲಿ IFF ಅನ್ನುವ ಸೌಲಭ್ಯದಲ್ಲಿ 13ರೊಳಗೆ ಬಿಲ್ ಹಾಕಬಹುದು, ಆದರೆ ಅದು ಅವರಿಗೆ ಕಡ್ಡಾಯವಲ್ಲ. ಹಾಕದಿದ್ದರೆ ಏಪ್ರಿಲ್‌ನ ಬಿಲ್ ನಿಮಗೆ ಕಾಣಿಸುವುದು ಜುಲೈ 14ಕ್ಕೆ. ಕ್ರೆಡಿಟ್ ಕಳೆದುಹೋಗಿಲ್ಲ, ಆದರೆ ಅಷ್ಟು ದಿನ ನಿಮ್ಮ ಕೈಯ ದುಡ್ಡು ಸಿಕ್ಕಿಕೊಂಡಿತು. ಇಂಥವರ ಹತ್ತಿರ ದೊಡ್ಡ ಖರೀದಿ ಮಾಡುವ ಮುನ್ನವೇ ಪ್ರತಿ ತಿಂಗಳು ಬಿಲ್ ಹಾಕುತ್ತೀರಾ ಅಂತ ಕೇಳಿಕೊಳ್ಳಿ.

ತಿಂಗಳ ರಿಟರ್ನ್ ಹಾಕುವವರೇ ಆಗಿದ್ದು ಬಿಲ್ ಬಂದಿಲ್ಲ ಅಂದರೆ ಒಂದು ಮೆಸೇಜ್ ಕಳಿಸಿ. ಫೋನ್ ಮಾಡಿ "ನಮ್ಮ ಬಿಲ್ ಕಾಣ್ತಿಲ್ಲ" ಅಂದರೆ "ಹಾಕ್ತೀವಿ ಸರ್" ಅನ್ನುತ್ತಾರೆ, ಅಷ್ಟೇ. ಬರೆದು ಕಳಿಸಿದರೆ ಅವರ ಲೆಕ್ಕ ಬರೆಯುವವರ ಕೈಗೆ ಹೋಗುತ್ತದೆ. ನಾವು ಕಳಿಸುವುದು ಹೀಗೆ: "ನಮಸ್ಕಾರ ಸರ್. ಮೇ 9ರ ನಿಮ್ಮ ಬಿಲ್, ನಂಬರ್ ಇಷ್ಟು, ತೆರಿಗೆ 9,000 ರೂ., ನಮ್ಮ 2Bಯಲ್ಲಿ ಬಂದಿಲ್ಲ. ನಮ್ಮ ಜಿಎಸ್‌ಟಿ ನಂಬರ್ ಕೆಳಗಿದೆ, ಒಮ್ಮೆ ಹೊಂದಿಸಿ ನೋಡಿ. ಮುಂದಿನ GSTR-1ರಲ್ಲಿ ದಯವಿಟ್ಟು ಹಾಕಿ." ಅದು ಹಾಕಿದ ತಿಂಗಳ ಪಟ್ಟಿಯಲ್ಲಿ ಬರುತ್ತದೆ, ಆಗ ಕ್ಲೈಮ್ ಮಾಡಿ. ಕಾಣದ ಬಿಲ್ಲಿಗೆ ಮೊದಲೇ ಕ್ಲೈಮ್ ಹಾಕಬೇಡಿ. GSTR-2B ಮತ್ತು GSTR-3B ನಡುವಿನ ವ್ಯತ್ಯಾಸಕ್ಕೆ ನೋಟಿಸ್ ಬರುತ್ತದೆ, ಬಡ್ಡಿ ಸೇರುತ್ತದೆ.

ಇದಕ್ಕೆ ಕೊನೆಯ ಗಡುವೂ ಇದೆ. ಒಂದು ಹಣಕಾಸು ವರ್ಷದ ಬಿಲ್ಲಿನ ಕ್ರೆಡಿಟ್ ತೆಗೆದುಕೊಳ್ಳಲು ಆ ವರ್ಷ ಮುಗಿದ ನಂತರದ ನವೆಂಬರ್ 30 ಕೊನೆ ದಿನ. ಆ ವರ್ಷದ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದ್ದರೆ ಆ ದಿನವೇ ಕೊನೆ. 2025-26ರ ಬಿಲ್ಲಿಗೆ 2026ರ ನವೆಂಬರ್ 30. ಅದು ದಾಟಿದರೆ ಆ ಹಣ ಅಸಲಿಗೆ ಸೇರಿತು ಅಂತಲೇ ತಿಳಿಯಿರಿ.

GSTR-2Bಯಲ್ಲಿ ಕಾಣಿಸಿದ್ದೆಲ್ಲ ಕ್ರೆಡಿಟ್ ಅಂತಲೂ ಅಲ್ಲ. ಅದರಲ್ಲಿ "ITC Not Available" ಅನ್ನುವ ಬೇರೆ ಭಾಗವಿದೆ. ITC ಅಂದರೆ ಇದೇ ಕ್ರೆಡಿಟ್. ಅಲ್ಲಿ ಕಾರಣವಾಗಿ "POS and supplier state are same but recipient state is different" ಅಂತ ಇದ್ದರೆ, ಮೇಲೆ ಹೇಳಿದ ಊರಿನ ಅಂಗಡಿಯ ತೊಂದರೆಯೇ ಅದು. POS ಅಂದರೆ ಪೂರೈಕೆಯ ಸ್ಥಳ. ಗೋವಾದ ಹೋಟೆಲ್ ರೂಮಿನ ಬಿಲ್ಲೂ ಇಲ್ಲಿಯೇ ಬಂದು ಕೂರುತ್ತದೆ. ಪಣಜಿಯಲ್ಲಿ ಅಡುಗೆಮನೆ ಫಿಟ್ಟಿಂಗ್ ಕೆಲಸಕ್ಕೆ ಹೋಗಿ ಎರಡು ರಾತ್ರಿ ತಂಗಿದರೆ, ರೂಮಿನ ಮೇಲಿನ ತೆರಿಗೆ ಗೋವಾದ್ದು, ಯಾಕಂದರೆ ರೂಮ್ ಇರುವ ಜಾಗದ ತೆರಿಗೆಯೇ ಬೀಳುತ್ತದೆ. ಕೆಲಸದ ಖರ್ಚೇ ಆದರೂ ಪುಣೆಯ ನೋಂದಣಿಗೆ ಅದು ಸಿಗುವುದಿಲ್ಲ. ಪೈಪಿನ ಬಿಲ್ಲನ್ನು ಡೀಲರ್ ಸರಿಪಡಿಸಿ ಕೊಡಬಹುದು, ರೂಮಿನ ಬಿಲ್ಲಿಗೆ ಯಾರೂ ಏನೂ ಮಾಡಲು ಬರುವುದಿಲ್ಲ. ಗೋವಾದ ಕೆಲಸಕ್ಕೆ ಕೊಟೇಶನ್ ಕೊಡುವಾಗ ತೆರಿಗೆ ಸೇರಿಸಿಯೇ ರೂಮಿನ ಖರ್ಚು ಹಿಡಿಯಿರಿ.

ಹೆಜ್ಜೆ 3: ಯಾವ ಕ್ರೆಡಿಟ್ ಯಾವ ತೆರಿಗೆಗೆ

ಈಗ ವರ್ಕ್‌ಶಾಪಿನ ಒಂದು ತಿಂಗಳ ಪೂರ್ತಿ ಲೆಕ್ಕ ಹಾಕೋಣ.

ಖರೀದಿ: ಪುಣೆಯ ಡೀಲರ್ ಹತ್ತಿರ 1,00,000ದ ಶೀಟ್. ಅದರ ಮೇಲೆ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000. ಬೆಂಗಳೂರಿನಿಂದ 50,000ದ ಪೈಪ್, ಐಜಿಎಸ್‌ಟಿ 9,000. ಪಕ್ಕದ ಶೆಡ್ಡಿನಲ್ಲಿ ಬಫಿಂಗ್ ಪಾಲಿಶ್ ಮಾಡಿಕೊಟ್ಟವರಿಗೆ ಮಜೂರಿ 20,000, ಅದರ ಮೇಲೆ ಸಿಜಿಎಸ್‌ಟಿ 1,800, ಎಸ್‌ಜಿಎಸ್‌ಟಿ 1,800. ಎಲ್ಲಾ ಬಿಲ್ಲುಗಳೂ GSTR-2Bಯಲ್ಲಿ ಬಂದಿವೆ. ಒಟ್ಟು ಕ್ರೆಡಿಟ್: ಸಿಜಿಎಸ್‌ಟಿ 10,800, ಎಸ್‌ಜಿಎಸ್‌ಟಿ 10,800, ಐಜಿಎಸ್‌ಟಿ 9,000.

ಮಾರಾಟ: ಪುಣೆಯ ಒಂದು ಹೋಟೆಲಿಗೆ 1,50,000ದ ಟೇಬಲ್‌ಗಳು. ಸಿಜಿಎಸ್‌ಟಿ 13,500, ಎಸ್‌ಜಿಎಸ್‌ಟಿ 13,500. ಬೆಳಗಾವಿಯ ಒಂದು ಹೋಟೆಲಿಗೆ 1,00,000ದ ರ‍್ಯಾಕ್‌ಗಳು, ಐಜಿಎಸ್‌ಟಿ 18,000.

```
ಮಾರಾಟದ ತೆರಿಗೆ  − ಖರೀದಿಯ ತೆರಿಗೆ = ಕಟ್ಟಬೇಕಾದದ್ದು
45,000         − 30,600        = 14,400
```

ಸರಿಯಾಯಿತೋ ಇಲ್ಲವೋ ನೋಡಲು ಒಂದು ಸುಲಭ ದಾರಿ ಇದೆ. ಮಾರಾಟ 2,50,000, ಖರೀದಿ 1,70,000, ನಡುವೆ ವರ್ಕ್‌ಶಾಪ್ ಸೇರಿಸಿದ್ದು 80,000. ಅದಕ್ಕೆ ಶೇ. 18 ಅಂದರೆ 14,400. ತಂದ ಮಾಲೆಲ್ಲ ಆ ತಿಂಗಳೇ ಖರ್ಚಾಗಿ, ಎಲ್ಲದರ ದರ ಶೇ. 18 ಆಗಿರುವಾಗ ಈ ತಾಳೆ ಸರಿಹೋಗುತ್ತದೆ. ಮಾಲು ಗೋಡೌನಿನಲ್ಲಿ ಉಳಿದಿದ್ದರೂ ಕ್ರೆಡಿಟ್ ಪೂರ್ತಿ ಸಿಗುತ್ತದೆ. ಮಾರುವವರೆಗೆ ಕಾಯಬೇಕಿಲ್ಲ.

ಆದರೆ 30,600ನ್ನು ಒಂದೇ ಗಂಟಾಗಿ ಕಳೆಯಲು ಬರುವುದಿಲ್ಲ. ಕ್ರೆಡಿಟ್‌ಗೆ ಮೂರು ಪ್ರತ್ಯೇಕ ಕಪಾಟುಗಳಿವೆ. ಮೊದಲು ಐಜಿಎಸ್‌ಟಿ ಕ್ರೆಡಿಟ್ಟನ್ನು ಪೂರ್ತಿ ಖಾಲಿ ಮಾಡಬೇಕು. ಅದು ಮೊದಲು ಐಜಿಎಸ್‌ಟಿಗೆ ಹೋಗುತ್ತದೆ, ಉಳಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡಕ್ಕೂ ಬಳಸಬಹುದು. ಆಮೇಲೆ ಸಿಜಿಎಸ್‌ಟಿ ಕ್ರೆಡಿಟ್ ಸಿಜಿಎಸ್‌ಟಿಗೆ, ಉಳಿದರೆ ಐಜಿಎಸ್‌ಟಿಗೆ. ಎಸ್‌ಜಿಎಸ್‌ಟಿಯೂ ಹಾಗೆಯೇ. ಸಿಜಿಎಸ್‌ಟಿ ಕ್ರೆಡಿಟ್ಟಿನಿಂದ ಎಸ್‌ಜಿಎಸ್‌ಟಿ ಕಟ್ಟುವುದು, ಅದರಿಂದ ಇದನ್ನು ಕಟ್ಟುವುದು ಯಾವತ್ತೂ ಇಲ್ಲ. ಒಂದು ಕೇಂದ್ರದ ಹಣ, ಇನ್ನೊಂದು ರಾಜ್ಯದ ಹಣ.

ನಮ್ಮ ಲೆಕ್ಕದಲ್ಲಿ ಐಜಿಎಸ್‌ಟಿ 18,000ದಲ್ಲಿ 9,000 ಕ್ರೆಡಿಟ್ ಹೋಯಿತು, 9,000 ನಗದು. ಸಿಜಿಎಸ್‌ಟಿ 13,500ರಲ್ಲಿ 10,800 ಹೋಯಿತು, 2,700 ನಗದು. ಎಸ್‌ಜಿಎಸ್‌ಟಿಯಲ್ಲೂ 2,700 ನಗದು. ಒಟ್ಟು 14,400. ಪೋರ್ಟಲ್ ತಾನೇ ಹಂಚಿ ತೋರಿಸುತ್ತದೆ ನಿಜ. ಆದರೂ ಐಜಿಎಸ್‌ಟಿ ಕ್ರೆಡಿಟ್ ಮಿಕ್ಕ ತಿಂಗಳು ಆ ಹಂಚಿಕೆಯನ್ನು ಒಮ್ಮೆ ನೋಡಿ. ಮಿಕ್ಕದ್ದನ್ನೆಲ್ಲ ಸಿಜಿಎಸ್‌ಟಿಗೇ ಹಾಕಿದರೆ ಸಿಜಿಎಸ್‌ಟಿ ಕ್ರೆಡಿಟ್ ಸುಮ್ನೆ ಕೂತು, ಎಸ್‌ಜಿಎಸ್‌ಟಿಗೆ ನಗದು ಕಟ್ಟಬೇಕಾದೀತು. ಎರಡಕ್ಕೂ ಬೇಕಾದಷ್ಟು ಹಂಚಿದರೆ ನಗದು ಕಡಿಮೆ ಬೀಳುತ್ತದೆ.

ಪಡೆದ ಕ್ರೆಡಿಟ್ ಕೈ ತಪ್ಪುವುದು ಯಾವಾಗ

ರಿಟರ್ನ್ ಹಾಕಿದ ಮೇಲೂ ಎರಡು ಕಾರಣಕ್ಕೆ ಕ್ರೆಡಿಟ್ ವಾಪಸ್ ಕೊಡಬೇಕಾಗುತ್ತದೆ.

ಮೊದಲನೆಯದು ಉದ್ರಿ. ಬಿಲ್ ತಾರೀಖಿನಿಂದ 180 ದಿನದೊಳಗೆ ಡೀಲರ್‌ಗೆ ತೆರಿಗೆ ಸಮೇತ ಹಣ ಕೊಟ್ಟಿರಬೇಕು. ಇಲ್ಲದಿದ್ದರೆ ಕೊಡದ ಭಾಗದಷ್ಟು ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಹೋಟೆಲಿನವರು ನಮಗೆ ಕೊಡುವುದು ತಡ, ನಾವು ಶೀಟಿನವರಿಗೆ ಕೊಡುವುದು ತಡ. ಈ ವ್ಯಾಪಾರದಲ್ಲಿ 180 ದಿನ ಕಳೆದದ್ದೇ ಗೊತ್ತಾಗುವುದಿಲ್ಲ. ಲೆಡ್ಜರಿನಲ್ಲಿ 150 ದಿನ ದಾಟಿದ ಬಾಕಿಗಳ ಪಟ್ಟಿಯನ್ನು ಪ್ರತಿ ತಿಂಗಳು ತೆಗೆದರೆ ಸಾಕು. ಹಣ ಕೊಟ್ಟ ಮೇಲೆ ಅದೇ ಕ್ರೆಡಿಟ್ ಮತ್ತೆ ತೆಗೆದುಕೊಳ್ಳಬಹುದು. ಹೀಗೆ ಮರಳಿ ಪಡೆಯಲು ನವೆಂಬರ್ 30ರ ಗಡುವು ಅಡ್ಡಬರುವುದಿಲ್ಲ.

ಎರಡನೆಯದು ನಮ್ಮ ಕೈಯಲ್ಲಿ ಇಲ್ಲದ್ದು. ಡೀಲರ್ ಬಿಲ್ಲನ್ನು GSTR-1ರಲ್ಲಿ ತೋರಿಸುತ್ತಾರೆ, ಆದರೆ GSTR-3B ಹಾಕಿ ತೆರಿಗೆ ಕಟ್ಟುವುದಿಲ್ಲ. ನಮ್ಮ ಪಟ್ಟಿಯಲ್ಲಿ ಬಿಲ್ ಇರುತ್ತದೆ, ಸರ್ಕಾರಕ್ಕೆ ಹಣ ಬಂದಿರುವುದಿಲ್ಲ. ವರ್ಷ ಮುಗಿದ ನಂತರದ ಸೆಪ್ಟೆಂಬರ್ 30ರವರೆಗೂ ಅವರು GSTR-3B ಹಾಕದಿದ್ದರೆ, ನವೆಂಬರ್ 30ರೊಳಗೆ ನಾವು ಆ ಕ್ರೆಡಿಟ್ ಬಿಟ್ಟುಕೊಡಬೇಕು. ಅವರು ಕಟ್ಟಿದ ಮೇಲೆ ವಾಪಸ್ ಪಡೆಯಬಹುದು. ಬಿಲ್ಲಿಗೆ ಪೂರ್ತಿ ಹಣ ಕೊಟ್ಟ ಖರೀದಿದಾರನ ತಲೆಗೆ ಈ ಹೊರೆ ಕಟ್ಟಿರುವುದು ನನ್ನ ಮಟ್ಟಿಗೆ ಅನ್ಯಾಯ. ಆದರೆ ನಿಯಮ ಇರುವುದು ಹಾಗೆ, ಆದ್ದರಿಂದ ಮೊದಲೇ ನೋಡಿಕೊಳ್ಳಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ "Search Taxpayer" ಒತ್ತಿ ಡೀಲರ್ ನಂಬರ್ ಹಾಕಿ, "Show Filing Table" ತೆರೆಯಿರಿ. ಅವರು ಯಾವ ತಿಂಗಳ GSTR-3B ಯಾವ ದಿನ ಹಾಕಿದ್ದಾರೆ ಅಂತ ಕಾಣಿಸುತ್ತದೆ. ಎರಡು ಮೂರು ತಿಂಗಳು ಖಾಲಿ ಇದ್ದರೆ ಅವರಿಗೆ ತೆರಿಗೆಯ ಭಾಗವನ್ನು ರಿಟರ್ನ್ ಹಾಕಿದ ಮೇಲೆ ಕೊಡುತ್ತೇವೆ ಅಂತ ಮಾತಾಡಿಕೊಳ್ಳಿ.

ಇನ್ನು ಕೆಲವಕ್ಕೆ ಬಿಲ್ ಸರಿ ಇದ್ದರೂ ಕ್ರೆಡಿಟ್ ಇಲ್ಲ: ಮಾಲೀಕರು ಓಡಾಡುವ ಕಾರು, ಕೆಲಸಗಾರರಿಗೆ ತರಿಸಿದ ಊಟ, ವರ್ಕ್‌ಶಾಪಿನ ಕಟ್ಟಡ ಕಟ್ಟಿಸಿದ ಖರ್ಚು, ದೀಪಾವಳಿಗೆ ಗಿರಾಕಿಗಳಿಗೆ ಕೊಟ್ಟ ಉಡುಗೊರೆ, ಕಳುವಾದ ಮಾಲು. ಮಾಲು ಸಾಗಿಸುವ ಟೆಂಪೋ ಖರೀದಿಸಿದರೆ ಕ್ರೆಡಿಟ್ ಉಂಟು. ಶೀಟ್ ಬಗ್ಗಿಸುವ ಮಷಿನ್ನಿಗೂ ಉಂಟು, ಅದೂ ಒಂದೇ ಸಲಕ್ಕೆ ಪೂರ್ತಿ. ಆದರೆ ಆ ತೆರಿಗೆಯನ್ನು ಮಷಿನ್ನಿನ ಬೆಲೆಗೆ ಸೇರಿಸಿ ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸಿದ್ದರೆ ಕ್ರೆಡಿಟ್ ಇಲ್ಲ. ಎರಡರಲ್ಲಿ ಒಂದು ಮಾತ್ರ.

ಟೇಬಲ್ ಹೋಟೆಲಿಗೆ ಹೋದಮೇಲೆ

ಇಷ್ಟೆಲ್ಲ ಜೋಪಾನ ಮಾಡಿದ ಸರಪಳಿ ಉಡುಪಿ ಹೋಟೆಲಿನ ಬಾಗಿಲಲ್ಲಿ ಕಡಿಯುತ್ತದೆ. ಜಿಎಸ್‌ಟಿ ಬಂದ ಹೊಸದರಲ್ಲಿ ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಹೋಟೆಲಿಗೆ ಶೇ. 18 ಇತ್ತು, ಕ್ರೆಡಿಟ್ಟೂ ಇತ್ತು. 2017ರ ನವೆಂಬರ್ 15ರಿಂದ ಶೇ. 5 ಮಾಡಿದರು, ಕ್ರೆಡಿಟ್ ತೆಗೆದರು. ಕ್ರೆಡಿಟ್ಟಿನ ಲಾಭ ಊಟ ಮಾಡುವವರಿಗೆ ತಲುಪುತ್ತಿಲ್ಲ ಅನ್ನುವುದು ಕೊಟ್ಟ ಕಾರಣ. ದೊಡ್ಡ ಲಾಡ್ಜಿಂಗ್ ಹೋಟೆಲುಗಳೊಳಗಿನ ಕೆಲವು ರೆಸ್ಟೊರೆಂಟ್‌ಗಳನ್ನು ಬಿಟ್ಟರೆ ಇವತ್ತಿಗೂ ಹಾಗೆಯೇ.

ಹೀಗಾಗಿ ಹೋಟೆಲಿನವರು ನಮ್ಮ ಟೇಬಲ್ ಮೇಲೆ ಕೊಟ್ಟ 27,000 ಅವರಿಗೆ ಪೂರ್ತಿ ಖರ್ಚು. ಬಾಡಿಗೆಯೂ ಅಷ್ಟೇ. ತಿಂಗಳಿಗೆ ಒಂದು ಲಕ್ಷ ಬಾಡಿಗೆ, ಅದರ ಮೇಲೆ 18,000 ತೆರಿಗೆ ಇದ್ದರೆ ಆ 18,000 ದೋಸೆ, ಇಡ್ಲಿಯ ಬೆಲೆಯೊಳಗೆ ಹೋಗುತ್ತದೆ. ಆ ಬೆಲೆಯ ಮೇಲೆ ಶೇ. 5 ಬಿದ್ದಾಗ ಅದರಲ್ಲಿ 900 ರೂಪಾಯಿ ಬಾಡಿಗೆ ತೆರಿಗೆಯ ಮೇಲಿನ ತೆರಿಗೆ. ನಾವು ಹಿಂದಿನ ಹೆಜ್ಜೆಗಳಲ್ಲಿ ತಪ್ಪಿಸಿದ್ದು ಇಲ್ಲಿ ಮತ್ತೆ ಬರುತ್ತದೆ. ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ.

ಕೊಟೇಶನ್ ಕೊಡುವಾಗ ಇದನ್ನು ಬಳಸುವುದು ಹೇಗೆ

ವರ್ಕ್‌ಶಾಪಿನ ಮಾಲೀಕರಿಗೆ ಇದು ದಿನನಿತ್ಯದ ವಿಷಯ. ಅವರ ಗಲ್ಲಿಯಲ್ಲೇ ನೋಂದಣಿ ಇಲ್ಲದ ಸಣ್ಣ ಫ್ಯಾಬ್ರಿಕೇಟರ್ ಇರುತ್ತಾರೆ. ಬರೀ ಸರಕಿನ ವ್ಯಾಪಾರ, ಅದೂ ರಾಜ್ಯದೊಳಗೆ ಮಾತ್ರ, ವರ್ಷಕ್ಕೆ 40 ಲಕ್ಷದೊಳಗೆ ಇದ್ದರೆ ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯವಲ್ಲ. ಅವರು ಅದೇ ಶೀಟ್ 1,18,000ಕ್ಕೆ ತರುತ್ತಾರೆ, ಅವರಿಗೆ ಕ್ರೆಡಿಟ್ ಇಲ್ಲ. 50,000 ಸೇರಿಸಿ 1,68,000ಕ್ಕೆ ಕೊಡುತ್ತಾರೆ, ಮೇಲೆ ತೆರಿಗೆ ಇಲ್ಲ. ನಮ್ಮದು 1,77,000.

ಗಿರಾಕಿ ಹೋಟೆಲಿನವರಾದರೆ ಅವರಿಗೆ 1,68,000ವೇ ಅಗ್ಗ. 9,000 ಉಳಿತಾಯ, ಅಂದರೆ ನಮ್ಮ 50,000ದ ಮೇಲಿನ ತೆರಿಗೆಯಷ್ಟು. ಇಂಥ ಕಡೆ "ನಿಮಗೆ ಕ್ರೆಡಿಟ್ ಸಿಗುತ್ತದೆ" ಅಂತ ಹೇಳಿ ಪ್ರಯೋಜನವಿಲ್ಲ, ಅವರಿಗೆ ಸಿಗುವುದಿಲ್ಲ. ಪೈಪೋಟಿ ಮಾಡಬೇಕಾದರೆ ಶೀಟಿನ ದಪ್ಪ, ವೆಲ್ಡಿಂಗ್, ಗ್ಯಾರಂಟಿ, ಇವುಗಳ ಮೇಲೆ ಮಾಡಬೇಕು. ಇಲ್ಲವೇ ನಮ್ಮ ಬೆಲೆಯಲ್ಲೇ ಸುಮಾರು 7,600 ಇಳಿಸಬೇಕು, ಆಗ ತೆರಿಗೆ ಸೇರಿ ಎರಡೂ ಸಮ ಆಗುತ್ತದೆ.

ಗಿರಾಕಿ ಚಕ್ಕುಲಿ, ಮಿಕ್ಸ್ಚರ್ ಪ್ಯಾಕ್ ಮಾಡಿ ಅಂಗಡಿಗಳಿಗೆ ಮಾರುವ ಕಾರ್ಖಾನೆಯವರಾದರೆ ಲೆಕ್ಕ ತಿರುಗಿಬೀಳುತ್ತದೆ. ಅವರು ತೆರಿಗೆ ಹಾಕಿ ಮಾರುತ್ತಾರೆ, ಕ್ರೆಡಿಟ್ಟೂ ಪಡೆಯುತ್ತಾರೆ. ನಮ್ಮ 1,77,000ದಲ್ಲಿ 27,000 ಅವರಿಗೆ ವಾಪಸ್ ಬರುತ್ತದೆ. ಅವರ ಮಾರಾಟದ ದರ ಕಡಿಮೆ ಇದ್ದರೆ ಅಷ್ಟೂ ಒಂದೇ ತಿಂಗಳಲ್ಲಿ ಮುಗಿಯದೆ ಮುಂದಿನ ತಿಂಗಳುಗಳಿಗೆ ಉಳಿಯಬಹುದು, ಆದರೆ ಹೋಗುವುದಿಲ್ಲ. ಅವರಿಗೆ ಟೇಬಲ್ ಬೀಳುವುದು 1,50,000ಕ್ಕೆ. ನೋಂದಣಿ ಇಲ್ಲದವರ ಹತ್ತಿರ ತೆಗೆದುಕೊಂಡರೆ 1,68,000. ವ್ಯತ್ಯಾಸ 18,000, ಶೀಟಿನೊಳಗೆ ಸಿಕ್ಕಿಕೊಂಡ ತೆರಿಗೆಯಷ್ಟೇ.

ಆದ್ದರಿಂದ ಈಗ ವರ್ಕ್‌ಶಾಪಿನ ಮಾಲೀಕರ ಕೊಟೇಶನ್ ಎರಡು ಥರ ಇರುತ್ತದೆ. ಹೋಟೆಲಿಗೆ ತೆರಿಗೆ ಸೇರಿದ ಒಟ್ಟು ಬೆಲೆಯನ್ನು ಮೊದಲು ಬರೆಯುತ್ತಾರೆ. ಕಾರ್ಖಾನೆಗೆ ತೆರಿಗೆ ಇಲ್ಲದ ಬೆಲೆ ಮೇಲೆ, ಜಿಎಸ್‌ಟಿ ಕೆಳಗೆ ಬೇರೆ ಸಾಲಿನಲ್ಲಿ, ಪಕ್ಕದಲ್ಲಿ ಗಿರಾಕಿಯ ಜಿಎಸ್‌ಟಿ ನಂಬರ್.